120 ಹರ್ಟ್ಸ್‌ಗೆ ಹಾಕಿದರೆ ಕೆಂಪು ಅಕ್ಷರ ಯಾಕೆ ಕದಡುತ್ತದೆ?

ಪ್ರಶ್ನೆ: ಸರ್, ತುಮಕೂರಿನ ಶಿರಾ ಗೇಟ್ ಹತ್ತಿರ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್ ಮಾಡುತ್ತೇನೆ. ಕಂಪ್ಯೂಟರಿನಲ್ಲಿ ಜಿಟಿಎಕ್ಸ್ 1660 ಸೂಪರ್ ಕಾರ್ಡ್ ಇದೆ. ಮಗನ ಗೇಮಿಗೂ ಆಗಲಿ ಅಂತ 55 ಇಂಚಿನ 4ಕೆ 120 ಹರ್ಟ್ಸ್ ಟಿವಿ ತಂದು ಎಚ್‌ಡಿಎಂಐಗೆ ಹಾಕಿದೆ. 60 ಹರ್ಟ್ಸ್‌ನಲ್ಲಿ ಅಕ್ಷರ ಚೂಪಾಗಿದೆ. 120ಕ್ಕೆ ಬದಲಿಸಿದರೆ ನೀಲಿ ಮೇಲಿನ ಕೆಂಪು ಅಕ್ಷರ ನೀರಲ್ಲಿ ನೆನೆದ ಹಾಗೆ ಕಾಣುತ್ತೆ. ಆದರೆ ಸಿನಿಮಾ ಚೆನ್ನಾಗಿದೆ. ಕೇಬಲ್ ಬದಲಿಸಿ ಅಂದರು, ಎರಡು ಮೀಟರಿನ ಅಲ್ಟ್ರಾ ಹೈ ಸ್ಪೀಡ್ ಕೇಬಲ್ ತಂದೆ. ಏನೂ ಬದಲಾಗಲಿಲ್ಲ. ಟಿವಿ ಕೆಟ್ಟಿದೆಯಾ?

ಉತ್ತರ: ಟಿವಿ ಕೆಟ್ಟಿಲ್ಲ. ಕೇಬಲ್ಲಿನದೂ ತಪ್ಪಿಲ್ಲ. ನಿಮ್ಮ ಕಾರ್ಡಿನ ಎಚ್‌ಡಿಎಂಐ ಪೋರ್ಟ್ 2.0 ಕಾಲದ್ದು. 4ಕೆ ಚಿತ್ರವನ್ನು ಸೆಕೆಂಡಿಗೆ 120 ಸಲ ಪೂರ್ತಿ ಬಣ್ಣದಲ್ಲಿ ಕಳಿಸುವಷ್ಟು ಜಾಗ ಅದರಲ್ಲಿಲ್ಲ. ಹಾಗಂತ ಅದು "ಆಗಲ್ಲ" ಅಂತ ಹೇಳುವುದೂ ಇಲ್ಲ. ಸುಮ್ನೆ ಬಣ್ಣದ ವಿವರವನ್ನು ಕಡಿಮೆ ಮಾಡಿ ಕಳಿಸಿಬಿಡುತ್ತದೆ. ಪರದೆ ಮೇಲೆ ಯಾವ ಸೂಚನೆಯೂ ಬರುವುದಿಲ್ಲ. ಅದಕ್ಕೇ ಜನ ಕೇಬಲ್ ಮೇಲೆ, ಟಿವಿ ಮೇಲೆ ಸಂಶಯ ಪಟ್ಟು ದುಡ್ಡು ಕಳೆದುಕೊಳ್ಳುತ್ತಾರೆ.

ಲೆಕ್ಕ ಹಾಕಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. 4ಕೆ ಅಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ. ಆದರೆ ತಂತಿಯಲ್ಲಿ ಹೋಗುವುದು ಇಷ್ಟೇ ಅಲ್ಲ. ಕಾಗದಕ್ಕೆ ನೀವು ಮಾರ್ಜಿನ್ ಬಿಡುವ ಹಾಗೆ, ಪ್ರತಿ ಸಾಲಿನ ಪಕ್ಕದಲ್ಲೂ ಪ್ರತಿ ಚಿತ್ರದ ಕೊನೆಯಲ್ಲೂ ಸ್ವಲ್ಪ ಖಾಲಿ ಜಾಗ ಬಿಟ್ಟಿರುತ್ತಾರೆ. ಧ್ವನಿ ಆ ಖಾಲಿ ಜಾಗದಲ್ಲೇ ಹೋಗುತ್ತದೆ. ಅದನ್ನೂ ಸೇರಿಸಿದರೆ ಒಂದು ಚಿತ್ರ 4400 ಗುಣಿಸು 2250, ಅಂದರೆ 99 ಲಕ್ಷ ಚುಕ್ಕಿ. ಸೆಕೆಂಡಿಗೆ 60 ಚಿತ್ರ ಅಂದರೆ 59.4 ಕೋಟಿ ಚುಕ್ಕಿ. ಕೆಂಪು, ಹಸಿರು, ನೀಲಿ ಒಂದೊಂದಕ್ಕೆ 8 ಬಿಟ್‌ನಂತೆ ಪ್ರತಿ ಚುಕ್ಕಿಗೆ 24 ಬಿಟ್ ಬೇಕು. ಒಟ್ಟು ಸೆಕೆಂಡಿಗೆ ಸುಮಾರು 14.26 ಗಿಗಾಬಿಟ್ ಆಯಿತು.

ಈಗ ಪೋರ್ಟಿನ ಕಡೆ ನೋಡೋಣ. ಎಚ್‌ಡಿಎಂಐ 2.0ಗೆ 18 ಗಿಗಾಬಿಟ್ ಅಂತ ಬರೆದಿರುತ್ತಾರೆ. ಆದರೆ ಅದು ಪ್ರತಿ 8 ಬಿಟ್ ಮಾಹಿತಿಗೆ ತಂತಿಯಲ್ಲಿ 10 ಬಿಟ್ ಕಳಿಸುತ್ತದೆ. ಸಿಗ್ನಲ್ ದಾರಿಯಲ್ಲಿ ಕೆಡದೆ ಸರಿಯಾಗಿ ತಲುಪಲಿ ಅಂತ ಈ ಏರ್ಪಾಡು. ಹಾಗಾಗಿ ಚಿತ್ರಕ್ಕೆ ಸಿಗುವುದು 14.4 ಗಿಗಾಬಿಟ್ ಮಾತ್ರ. 14.4ರ ಪೈಪಿನಲ್ಲಿ 14.26 ಹೋಗಬೇಕು. ಸಂತೆ ದಿನದ ಬಸ್ಸಿನ ಹಾಗೆ ಕಾಲಿಡಲೂ ಜಾಗವಿಲ್ಲ, ಆದರೂ ಎಲ್ಲರೂ ಹತ್ತಿದ್ದಾರೆ. ನೀವು 60 ಹರ್ಟ್ಸ್‌ನಲ್ಲಿ ನೋಡುತ್ತಿರುವ ಚೂಪು ಅಕ್ಷರ ಇದೇ.

120ಕ್ಕೆ ಹಾಕಿದ ಕೂಡಲೇ ಬೇಕಾದದ್ದು 28.5 ಗಿಗಾಬಿಟ್. ಪೈಪ್ ಅಷ್ಟೇ ಇದೆ. ಕಾರ್ಡ್ ಏನು ಮಾಡುತ್ತದೆ ಅಂದರೆ, ಚಿತ್ರದ ಮಾಹಿತಿಯನ್ನು ಸರಿಯಾಗಿ ಅರ್ಧಕ್ಕೆ ಇಳಿಸುತ್ತದೆ. ಮತ್ತೆ ಅದೇ 14.26 ಬಂತು. ಪೈಪಿನಲ್ಲಿ ಹಿಡಿಯಿತು. ಟಿವಿ ಮೂಲೆಯಲ್ಲಿ "4K 120Hz" ಅಂತ ತೋರಿಸುತ್ತದೆ. ಅದು ಸುಳ್ಳಲ್ಲ. ಆದರೆ ಬಣ್ಣದ ಮುಕ್ಕಾಲು ಪಾಲು ಹೋಗಿದೆ.

ಅರ್ಧಕ್ಕೆ ಇಳಿಸುವುದು ಹೇಗೆ ಅನ್ನುವುದೇ ನಿಮ್ಮ ಪ್ರಶ್ನೆಯ ತಿರುಳು. ರಂಗೋಲಿ ನೆನಪಿಸಿಕೊಳ್ಳಿ. ಮೊದಲು ಬಿಳಿ ಪುಡಿಯಲ್ಲಿ ಎಳೆ ಎಳೆಯುತ್ತಾರೆ, ಆಮೇಲೆ ಬಣ್ಣ ತುಂಬುತ್ತಾರೆ. ಎಳೆ ಸಣ್ಣದಾಗಿ ಚೂಪಾಗಿದ್ದರೆ ಸಾಕು, ಬಣ್ಣ ಅಲ್ಲಲ್ಲಿ ಸ್ವಲ್ಪ ಆಚೀಚೆ ಆದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ವಿಡಿಯೋದಲ್ಲೂ ಹೀಗೇ. ಚಿತ್ರವನ್ನು ಬೆಳಕು ಮತ್ತು ಬಣ್ಣ ಅಂತ ಬೇರೆ ಮಾಡುತ್ತಾರೆ. ಬೆಳಕನ್ನು ಪ್ರತಿ ಚುಕ್ಕಿಗೂ ಕಳಿಸುತ್ತಾರೆ. ಬಣ್ಣವನ್ನು ಮಾತ್ರ ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು, ಹೀಗೆ ನಾಲ್ಕು ಚುಕ್ಕಿಗೆ ಸೇರಿಸಿ ಒಂದೇ ಚಿಟಿಕೆ ಹಾಕುತ್ತಾರೆ. ಇದಕ್ಕೆ 4:2:0 ಅನ್ನುತ್ತಾರೆ. ಅಡ್ಡಕ್ಕೆ ಮಾತ್ರ ಎರಡೆರಡು ಚುಕ್ಕಿಗೆ ಒಂದು ಬಣ್ಣ ಕೊಟ್ಟರೆ 4:2:2. ಏನೂ ಕಡಿಮೆ ಮಾಡದೆ ಪೂರ್ತಿ ಕಳಿಸಿದರೆ 4:4:4. ಕಂಪ್ಯೂಟರಿನ ಆರ್‌ಜಿಬಿಯಲ್ಲೂ ಬಣ್ಣದ ವಿವರ ಹೀಗೇ ಪೂರ್ತಿ ಇರುತ್ತದೆ.

ಸಿನಿಮಾ ಯಾಕೆ ಚೆನ್ನಾಗಿ ಕಾಣುತ್ತದೆ ಅಂತ ಈಗ ಗೊತ್ತಾಯಿತಲ್ವಾ? ಡಿಸ್ಕ್‌ನಲ್ಲಿ ಬರುವ ಸಿನಿಮಾ, ಇಂಟರ್‌ನೆಟ್‌ನಲ್ಲಿ ನೋಡುವ ಸಿನಿಮಾ, ಎರಡೂ ಮೊದಲೇ 4:2:0 ಆಗಿ ಬಂದಿರುತ್ತವೆ. ಅದರಿಂದ ಕಳೆಯಲು ಹೆಚ್ಚೇನೂ ಉಳಿದಿಲ್ಲ. ಕಂಪ್ಯೂಟರಿನ ಅಕ್ಷರ ಹಾಗಲ್ಲ. ಅಲ್ಲಿ ಒಂದೊಂದು ಚುಕ್ಕಿಗೂ ಬೆಲೆ ಇದೆ.

ಎಲ್ಲ ಅಕ್ಷರವೂ ಒಂದೇ ಸಮ ಕೆಡುವುದಿಲ್ಲ ಅನ್ನುವುದನ್ನೂ ಗಮನಿಸಿ. ನೀವು ನೀಲಿ ಮೇಲಿನ ಕೆಂಪು ಅಂತಲೇ ಹೇಳಿದಿರಿ, ಅದು ತುಂಬ ಸರಿಯಾದ ಗುರುತು. ಬಿಳಿಯ ಬೆಳಕನ್ನು 100 ಅಂತ ಇಟ್ಟುಕೊಳ್ಳಿ. ಟಿವಿ ಲೆಕ್ಕದಲ್ಲಿ ಅಚ್ಚ ಕೆಂಪಿನ ಬೆಳಕು ಸುಮಾರು 21, ಅಚ್ಚ ನೀಲಿಯದು 7. ಎರಡೂ ಮಂಕೇ. ಅವುಗಳ ನಡುವಿನ ವ್ಯತ್ಯಾಸ ಇರುವುದೆಲ್ಲ ಬಣ್ಣದಲ್ಲಿ. ಆ ಬಣ್ಣವನ್ನೇ ನಾಲ್ಕು ಚುಕ್ಕಿಗೆ ಹಂಚಿದರೆ ಅಂಚು ಎಲ್ಲಿ ಉಳಿಯಬೇಕು? "ಲಕ್ಷ್ಮೀ" ಅಂತ ಬರೆದಾಗ ಕೆಳಗಿನ ಒತ್ತು ಎರಡು ಮೂರು ಚುಕ್ಕಿ ದಪ್ಪವಷ್ಟೇ ಇರುತ್ತದೆ. ಅದು ನೇರಳೆ ಮಸಿಯಾಗಿ ಕರಗುತ್ತದೆ. ಅದೇ ನಮ್ಮ ಬಾವುಟದ ಹಾಗೆ ಹಳದಿ ಪಕ್ಕ ಕೆಂಪು ಇಟ್ಟು ನೋಡಿ. ಹಳದಿಯ ಬೆಳಕು ಸುಮಾರು 93. 93ಕ್ಕೂ 21ಕ್ಕೂ ದೊಡ್ಡ ಅಂತರ ಇರುವುದರಿಂದ ಬೆಳಕಿನ ಎಳೆಯೇ ಅಕ್ಷರದ ಆಕಾರವನ್ನು ಉಳಿಸುತ್ತದೆ. ಅಂಚು ಸ್ವಲ್ಪ ಕೊಳಕಾಗುತ್ತದೆ ಅಷ್ಟೇ. ಬಿಳಿ ಮೇಲಿನ ಕಪ್ಪು ಅಕ್ಷರಕ್ಕೆ ಏನೂ ಆಗಬಾರದು. ಆದರೆ ಅಕ್ಷರ ನಯವಾಗಿ ಕಾಣಲಿ ಅಂತ ವಿಂಡೋಸ್‌ನ ಕ್ಲಿಯರ್‌ಟೈಪ್ ಅಂಚಿಗೆ ತೆಳುವಾಗಿ ಕೆಂಪು, ನೀಲಿ ಸವರಿರುತ್ತದೆ. 4:2:0ದಲ್ಲಿ ಆ ಬಣ್ಣ ಹರಡಿ, ಕಪ್ಪು ಅಕ್ಷರವೂ ಒಂಚೂರು ಮಬ್ಬಾಗುತ್ತದೆ.

ಇದನ್ನು ನಂಬಿ ಅಂತ ನಾನು ಹೇಳುವುದಿಲ್ಲ, ನೀವೇ ನೋಡಿಬಿಡಿ. ವಿಂಡೋಸ್‌ನಲ್ಲಿ Settings, System, Display, Advanced display ತೆರೆಯಿರಿ. ಅಲ್ಲಿ Color format ಅಂತ ಒಂದು ಸಾಲಿದೆ. 60 ಹರ್ಟ್ಸ್‌ನಲ್ಲಿ RGB ಅಂತ ಇರುತ್ತದೆ. 120ಕ್ಕೆ ಬದಲಿಸಿ ಮತ್ತೆ ನೋಡಿ, YCbCr420 ಆಗಿರುತ್ತದೆ. ಇನ್ನೊಂದು ಸಾಕ್ಷಿ NVIDIA Control Panelನಲ್ಲಿ ಇದೆ. ಅಲ್ಲಿ Change resolution ಪುಟದಲ್ಲಿ Output color format ಅನ್ನುವ ಪಟ್ಟಿ ಬಿಚ್ಚಿ. 60ರಲ್ಲಿ ಮೂರು ನಾಲ್ಕು ಆಯ್ಕೆ ಕಾಣುತ್ತವೆ. 120ರಲ್ಲಿ YCbCr420 ಒಂದೇ ಉಳಿದಿರುತ್ತದೆ. ಮಿಕ್ಕವು ಪೈಪಿನಲ್ಲಿ ಹಿಡಿಯುವುದಿಲ್ಲ, ಅದಕ್ಕೆ ಕಾರ್ಡೇ ಅವನ್ನು ತೆಗೆದಿದೆ.

ಕಣ್ಣಾರೆ ನೋಡಬೇಕಾದರೆ ಇನ್ನೊಂದು ಪರೀಕ್ಷೆ ಇದೆ, ನನಗೆ ಇದರ ಮೇಲೇ ಜಾಸ್ತಿ ನಂಬಿಕೆ. ನೋಟ್‌ಪ್ಯಾಡ್‌ನಲ್ಲಿ ಈ ಒಂದು ಸಾಲು ಬರೆದು gere.html ಅನ್ನುವ ಹೆಸರಲ್ಲಿ ಉಳಿಸಿ. ಅದನ್ನು ಬ್ರೌಸರಿನಲ್ಲಿ ತೆರೆಯಿರಿ.

```
<body style="margin:0;height:100vh;background:repeating-linear-gradient(90deg,#f00 0 1px,#00f 1px 2px)">
```

ತೆರೆಯುವ ಮೊದಲು ವಿಂಡೋಸ್‌ನ ಸ್ಕೇಲ್ 100% ಮಾಡಿ. ಬ್ರೌಸರಿನ ಜೂಮ್ ಕೂಡ 100% ಇರಲಿ. ಇಲ್ಲದಿದ್ದರೆ ಒಂದು ಗೆರೆ ಒಂದು ಚುಕ್ಕಿಯ ಅಗಲಕ್ಕೆ ಬರುವುದಿಲ್ಲ, ಪರೀಕ್ಷೆ ಕೆಡುತ್ತದೆ. ಈಗ ಪರದೆ ತುಂಬ ಕೆಂಪು, ನೀಲಿ ಲಂಬ ಗೆರೆಗಳು ಒಂದಾದ ಮೇಲೊಂದು ಇರುತ್ತವೆ. 55 ಇಂಚಿನಲ್ಲಿ ಒಂದು ಚುಕ್ಕಿಯ ಅಗಲ ಸುಮಾರು 0.32 ಮಿಲಿಮೀಟರ್. ಕುರ್ಚಿಯಲ್ಲಿ ಕೂತು ನೋಡಿದರೆ ಹೇಗೂ ನೇರಳೆಯಾಗಿಯೇ ಕಾಣುತ್ತದೆ. ಅದರಿಂದ ಏನೂ ತೀರ್ಮಾನಿಸಬೇಡಿ. ಆಫ್‌ಸೆಟ್ ಪ್ರಿಂಟಿನ ಚುಕ್ಕಿ ನೋಡಲು ನಿಮ್ಮ ಹತ್ತಿರ ಭೂತಗನ್ನಡಿ ಇರಬೇಕಲ್ವಾ? ಅದನ್ನೇ ಪರದೆಗೆ ಹಿಡಿಯಿರಿ. ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ಫೋಟೋ ತೆಗೆದು ದೊಡ್ಡದು ಮಾಡಿ. ಪೂರ್ತಿ ಬಣ್ಣ ಬರುತ್ತಿದ್ದರೆ ಒಂದು ಕಂಬದಲ್ಲಿ ಕೆಂಪು ಮಾತ್ರ ಹೊತ್ತಿರುತ್ತದೆ, ಪಕ್ಕದ ಕಂಬದಲ್ಲಿ ನೀಲಿ ಮಾತ್ರ. ಬಣ್ಣ ಕಡಿಮೆಯಾಗಿದ್ದರೆ ಎಲ್ಲ ಕಂಬದಲ್ಲೂ ಕೆಂಪು, ನೀಲಿ ಎರಡೂ ಹೊತ್ತಿರುತ್ತವೆ.

ಆಮೇಲೆ ಅದೇ ಸಾಲಿನಲ್ಲಿ 90deg ಇರುವ ಕಡೆ 180deg ಅಂತ ಬರೆದು ಮತ್ತೆ ತೆರೆಯಿರಿ. ಈಗ ಗೆರೆಗಳು ಅಡ್ಡ ಮಲಗುತ್ತವೆ. ಎರಡು ಸಲವೂ ಗೆರೆ ಬೇರೆ ಬೇರೆ ಕಂಡರೆ ಪೂರ್ತಿ ಬಣ್ಣ ಬರುತ್ತಿದೆ ಅಂತ ಅರ್ಥ. ಲಂಬ ಗೆರೆ ಕಲೆತು ಅಡ್ಡ ಗೆರೆ ಚೆನ್ನಾಗಿದ್ದರೆ 4:2:2. ಎರಡೂ ಕಲೆತರೆ 4:2:0. ನಿಮ್ಮಲ್ಲಿ 120ಕ್ಕೆ ಹಾಕಿದಾಗ ಎರಡೂ ಕಲೆಯುತ್ತವೆ.

ಇಲ್ಲೊಂದು ತೊಡಕು ಬರಬಹುದು. ವಿಂಡೋಸ್ RGB ಅನ್ನುತ್ತಿರುತ್ತದೆ, ಆದರೂ ಗೆರೆ ಕಲೆತಿರುತ್ತದೆ. ಆಗ ಬಣ್ಣ ಕಳೆಯುತ್ತಿರುವುದು ತಂತಿಯಲ್ಲಲ್ಲ, ಟಿವಿಯ ಒಳಗೆ. ಎಷ್ಟೋ ಟಿವಿಗಳು ಸಿನಿಮಾಗೆ ಅಂತ ಚಿತ್ರವನ್ನು ತಿದ್ದುವಾಗ ಬಣ್ಣವನ್ನು ತಾವೇ ಕಡಿಮೆ ಮಾಡುತ್ತವೆ. ಟಿವಿಯ ಇನ್‌ಪುಟ್ ಪಟ್ಟಿಯಲ್ಲಿ ಆ ಪೋರ್ಟಿನ ಹೆಸರನ್ನು PC ಅಂತ ಬದಲಿಸಿದರೆ ಸಾಮಾನ್ಯವಾಗಿ ಇದು ಸರಿಹೋಗುತ್ತದೆ. ನೀವು 60ರಲ್ಲಿ ಅಕ್ಷರ ಚೂಪಾಗಿದೆ ಅಂದಿದ್ದೀರಿ, ಹಾಗಾಗಿ ನಿಮಗೆ ಈ ತೊಂದರೆ ಇರಲಾರದು. ಆದರೂ 60ರಲ್ಲಿ ಒಮ್ಮೆ ಗೆರೆ ನೋಡಿಬಿಡಿ.

ಟಿವಿಯ ಇನ್ನೊಂದು ಸೆಟ್ಟಿಂಗ್ ಕೂಡ ನೋಡಬೇಕು. ಪ್ರತಿ ಎಚ್‌ಡಿಎಂಐ ಪೋರ್ಟಿಗೂ ದೊಡ್ಡ ಪೈಪು ತೆರೆಯುವ ಒಂದು ಸ್ವಿಚ್ ಇರುತ್ತದೆ. ಎಲ್‌ಜಿಯಲ್ಲಿ ಅದು HDMI Deep Colour, ಸ್ಯಾಮ್‌ಸಂಗ್‌ನಲ್ಲಿ Input Signal Plus, ಸೋನಿಯಲ್ಲಿ Enhanced format. ಇದು ಆಫ್ ಆಗಿದ್ದರೆ 60 ಹರ್ಟ್ಸ್‌ನಲ್ಲೂ 4:2:0 ಬರಬಹುದು. ಇನ್ನು, ನಾಲ್ಕು ಪೋರ್ಟ್ ಇರುವ ಟಿವಿಯಲ್ಲಿ ನಾಲ್ಕೂ 4ಕೆ 120 ಹಿಡಿಯುತ್ತವೆ ಅಂತೇನಿಲ್ಲ. ಎಷ್ಟೋ ಮಾಡೆಲ್‌ಗಳಲ್ಲಿ ಒಂದೋ ಎರಡೋ ಮಾತ್ರ. ಸಾಮಾನ್ಯವಾಗಿ ಪೋರ್ಟಿನ ಪಕ್ಕದಲ್ಲೇ "4K 120Hz" ಅಂತ ಅಚ್ಚು ಹಾಕಿರುತ್ತಾರೆ, ಅಲ್ಲಿಗೇ ಚುಚ್ಚಿ. ಮಧ್ಯದಲ್ಲಿ ಸೌಂಡ್‌ಬಾರ್ ಇದ್ದು ತಂತಿ ಅದರ ಮೂಲಕ ಹೋಗುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಎಲ್ಲಕ್ಕಿಂತ ಸಣ್ಣ ಪೈಪು ಯಾವುದೋ ಅದರದ್ದೇ ಅಳತೆ.

ಇನ್ನು ಕೇಬಲ್ ವಿಷಯ. ಕೇಬಲ್ ಕೈಕೊಟ್ಟಾಗ ಕಾಣುವುದು ಬೇರೆ ಥರ. ಕ್ಯಾತ್ಸಂದ್ರದಲ್ಲಿ ಒಬ್ಬರ ಮನೆಗೆ ಹೋಗಿದ್ದೆ. ಗೋಡೆಯ ಒಳಗಿನ ಪೈಪಿನಲ್ಲಿ ಹತ್ತು ಮೀಟರ್ ಕೇಬಲ್ ಎಳೆದು ಸಿಮೆಂಟ್ ಮುಚ್ಚಿಬಿಟ್ಟಿದ್ದರು. ಕವರ್ ಮೇಲೆ 8ಕೆ ಅಂತ ದೊಡ್ಡದಾಗಿ ಬರೆದಿತ್ತಂತೆ. 4ಕೆ 60ಕ್ಕೆ ಹಾಕಿದರೆ ಕಪ್ಪು ಜಾಗದಲ್ಲೆಲ್ಲ ಬಿಳಿ ಚುಕ್ಕಿಗಳು ಮಿಣುಕುತ್ತಿದ್ದವು. ನಿಮಿಷಕ್ಕೊಮ್ಮೆ ಪರದೆ ಕಪ್ಪಾಗಿ ಎರಡು ಸೆಕೆಂಡ್ ಬಿಟ್ಟು ಬರುತ್ತಿತ್ತು. 1080ಕ್ಕೆ ಇಳಿಸಿದರೆ ಎಲ್ಲ ಸರಿ. ಬೇರೆ ಎರಡು ಮೀಟರ್ ಕೇಬಲ್ಲಿನಲ್ಲಿ ನೇರವಾಗಿ ಹಾಕಿದಾಗ ಒಂದು ಚುಕ್ಕಿಯೂ ಮಿಣುಕಲಿಲ್ಲ. ಎಚ್‌ಡಿಎಂಐ 2.0ರಲ್ಲಿ ಕೆಟ್ಟ ಕೇಬಲ್ ಹೀಗೆ ಮಿಣುಕು, ಕಪ್ಪು ಪರದೆ, ಇಲ್ಲವೇ ಚಿತ್ರವೇ ಇಲ್ಲ ಅಂತ ತೋರಿಸುತ್ತದೆ. ಚಿತ್ರ ಅಲ್ಲಾಡದೆ ಸ್ವಚ್ಛವಾಗಿದ್ದು ಬಣ್ಣದ ಅಂಚು ಮಾತ್ರ ಮಸುಕಾದರೆ ಅದು ಕೇಬಲ್ ಅಲ್ಲ, ಪೋರ್ಟಿನ ಮಿತಿ. ನಿಮ್ಮಲ್ಲಿ ಆಗಿರುವುದು ಈ ಎರಡನೆಯದು.

ಎಚ್‌ಡಿಎಂಐ 2.1 ಬಂದ ಮೇಲೆ ಈ ಗುರುತು ಸ್ವಲ್ಪ ಕಲೆತುಹೋಗಿದೆ. ಅದರಲ್ಲಿ ಎರಡು ಕಡೆಯವರೂ ಮೊದಲು ತಂತಿಯನ್ನು ಪರೀಕ್ಷಿಸುತ್ತಾರೆ. ದೊಡ್ಡ ವೇಗದಲ್ಲಿ ತಪ್ಪು ಜಾಸ್ತಿ ಬಂದರೆ ಸದ್ದಿಲ್ಲದೆ ಕಡಿಮೆ ವೇಗಕ್ಕೆ ಇಳಿಯುತ್ತಾರೆ. ಆಗ ಕೇಬಲ್ ಕಾರಣದಿಂದಲೂ ಬಣ್ಣ ಕಡಿಮೆಯಾಗಬಹುದು. ಹಾಗಾಗಿ ಎರಡೂ ಕಡೆ 2.1 ಇದ್ದು RGB ಸಿಗದಿದ್ದರೆ ಮಾತ್ರ ಮೊದಲು ಕೇಬಲ್ ಬದಲಿಸಿ ನೋಡಬೇಕು.

ನಿಮ್ಮ ಮುಂದೆ ಈಗ ಮೂರು ದಾರಿ ಇವೆ. ಮೊದಲನೆಯದಕ್ಕೆ ಖರ್ಚಿಲ್ಲ, ನಾನು ಅದನ್ನೇ ಮೊದಲು ಹೇಳುತ್ತೇನೆ. ಕೆಲಸ ಮಾಡುವಾಗ 60 ಹರ್ಟ್ಸ್, RGB, 8 ಬಿಟ್ ಇಡಿ. ಲಗ್ನಪತ್ರಿಕೆ ಜೋಡಿಸುವಾಗ 120 ಹರ್ಟ್ಸ್‌ನಿಂದ ನಿಮಗೆ ಸಿಗುವುದು ಮೌಸ್ ಬಾಣದ ನಯ ಮಾತ್ರ. ಕಳೆದುಕೊಳ್ಳುವುದು ಒತ್ತಕ್ಷರದ ಅಂಚು. ಮಗ ಆಡುವಾಗ 120ಕ್ಕೆ ಬದಲಿಸಲಿ. ಓಡುವ ಚಿತ್ರದಲ್ಲಿ 4:2:0 ಅಷ್ಟಾಗಿ ಗೊತ್ತಾಗುವುದಿಲ್ಲ, ಮೂಲೆಯ ಸಣ್ಣ ಕೆಂಪು ಅಂಕಿಗಳು ಮಾತ್ರ ಮಸುಕಾಗುತ್ತವೆ. ಅದೂ ಬೇಡ ಅಂದರೆ 2560×1440, 120 ಹರ್ಟ್ಸ್ ಇಟ್ಟು ಆಡಲಿ. ಅದು 2.0 ಪೈಪಿನಲ್ಲಿ ಪೂರ್ತಿ ಬಣ್ಣದಲ್ಲೇ ಹಿಡಿಯುತ್ತದೆ. ಈ ಕಾರ್ಡಿಗೆ 4ಕೆಯಲ್ಲಿ ಹೊಸ ಗೇಮ್ 120ಕ್ಕೆ ಓಡಿಸುವ ಕಸುವೂ ಇಲ್ಲ. ಕೆಲಸದ ಹೊತ್ತಲ್ಲಿ ಎಚ್‌ಡಿಆರ್ ಆಫ್ ಮಾಡಿಡಿ. ಅದು 10 ಬಿಟ್ ಕೇಳುತ್ತದೆ. 10 ಬಿಟ್ ಆರ್‌ಜಿಬಿಗೆ 60 ಹರ್ಟ್ಸ್‌ನಲ್ಲೂ 17.8 ಗಿಗಾಬಿಟ್ ಬೇಕು, 14.4ರಲ್ಲಿ ಹಿಡಿಯುವುದಿಲ್ಲ. ಅಲ್ಲೂ 4:2:2ಕ್ಕೆ ಇಳಿಯುವ ಸಂಭವ ಇದೆ.

ಎರಡನೆಯದು, ಕಾರ್ಡಿನ ಹಿಂದಿರುವ ಡಿಸ್‌ಪ್ಲೇಪೋರ್ಟ್. ಅದು 1.4, ಚಿತ್ರಕ್ಕೆ 25.92 ಗಿಗಾಬಿಟ್ ಕೊಡುತ್ತದೆ. ಡಿಸ್‌ಪ್ಲೇಪೋರ್ಟಿನಲ್ಲಿ ಆ ಮಾರ್ಜಿನ್ ಜಾಗವನ್ನು ತುಂಬ ಸಣ್ಣದು ಮಾಡಬಹುದು. ಹಾಗೆ ಮಾಡಿದರೆ 4ಕೆ 120, 8 ಬಿಟ್ ಆರ್‌ಜಿಬಿ 25.8ರ ಹತ್ತಿರ ಬಂದು ಕೂರುತ್ತದೆ. ಕೂದಲೆಳೆ ಅಂತರ. 2018ರಲ್ಲಿ ಬಂದ ಮೊದಲ 4ಕೆ 144 ಹರ್ಟ್ಸ್ ಮಾನಿಟರ್‌ಗಳಿಗೂ ಇದೇ ಕಷ್ಟ ಇತ್ತು. 120ರ ತನಕ ಪೂರ್ತಿ ಬಣ್ಣ, 144ಕ್ಕೆ ಹಾಕಿದರೆ 4:2:2. ಟಿವಿಯಲ್ಲಿ ಸಾಮಾನ್ಯವಾಗಿ ಡಿಸ್‌ಪ್ಲೇಪೋರ್ಟ್ ಇರುವುದಿಲ್ಲ, ಹಾಗಾಗಿ ಅಡಾಪ್ಟರ್ ಬೇಕು. ತರುವಾಗ ಮೂರು ವಿಷಯ ಕೇಳಿ. "ಆಕ್ಟಿವ್" ಇರಬೇಕು. ಡಿಸ್‌ಪ್ಲೇಪೋರ್ಟ್ 1.4ರಿಂದ ಎಚ್‌ಡಿಎಂಐ 2.1ಗೆ ಅಂತ ಸ್ಪಷ್ಟವಾಗಿ ಬರೆದಿರಬೇಕು. ದಿಕ್ಕು ಕಂಪ್ಯೂಟರಿನ ಡಿಸ್‌ಪ್ಲೇಪೋರ್ಟಿನಿಂದ ಟಿವಿಯ ಎಚ್‌ಡಿಎಂಐ ಕಡೆಗೆ ಇರಬೇಕು, ತಿರುಗಿಸಿ ಹಾಕಿದರೆ ಕೆಲಸ ಮಾಡುವುದಿಲ್ಲ. ಕಡಿಮೆ ಬೆಲೆಯ ಸಾದಾ ಅಡಾಪ್ಟರ್ ತಂದರೆ ಮತ್ತೆ ಇದೇ ಜಾಗಕ್ಕೆ ಬರುತ್ತೀರಿ. ವಾಪಸ್ ತಗೊಳ್ಳುವ ಅಂಗಡಿಯಲ್ಲೇ ತನ್ನಿ. ಮನೆಗೆ ತಂದ ದಿನವೇ ಮೇಲಿನ ಗೆರೆ ಪರೀಕ್ಷೆ ಮಾಡಿ, ಎರಡೂ ಗೆರೆ ಬೇರೆ ಕಂಡರೆ ಮಾತ್ರ ಇಟ್ಟುಕೊಳ್ಳಿ.

ಮೂರನೆಯದು, ಎಚ್‌ಡಿಎಂಐ 2.1 ಇರುವ ಕಾರ್ಡ್. ಆರ್‌ಟಿಎಕ್ಸ್ 30 ಸರಣಿ ಮತ್ತು ಆರ್‌ಎಕ್ಸ್ 6000 ಸರಣಿ, ಎರಡೂ 2020ರಲ್ಲಿ ಬಂದವು. ಈ ಕಾರ್ಡ್‌ಗಳಲ್ಲೂ ಆಮೇಲೆ ಬಂದ ಆರ್‌ಟಿಎಕ್ಸ್, ಆರ್‌ಎಕ್ಸ್ ಸರಣಿಗಳಲ್ಲೂ 2.1 ಇದೆ. 2.1ರ ಗರಿಷ್ಠ 48 ಗಿಗಾಬಿಟ್. ಅದು ಪ್ರತಿ 16 ಬಿಟ್‌ಗೆ 18 ಕಳಿಸುತ್ತದೆ, ಹಾಗಾಗಿ ಚಿತ್ರಕ್ಕೆ 42ಕ್ಕಿಂತ ಜಾಸ್ತಿ ಉಳಿಯುತ್ತದೆ. 4ಕೆ 120, 10 ಬಿಟ್ ಆರ್‌ಜಿಬಿಗೆ ಬೇಕಾದದ್ದು 35.6. ಆರಾಮಾಗಿ ಹೋಗುತ್ತದೆ. ಆದರೆ ಮಾನಿಟರ್ ಅಥವಾ ಲ್ಯಾಪ್‌ಟಾಪ್ ತರುವಾಗ "2.1" ಅನ್ನುವ ಒಂದೇ ಮಾತನ್ನು ನಂಬಬೇಡಿ. ಆ ಹೆಸರಿನ ಎಲ್ಲ ಪೋರ್ಟೂ 48 ಗಿಗಾಬಿಟ್ ಕೊಡಬೇಕು ಅಂತ ನಿಯಮವಿಲ್ಲ. 4ಕೆ 120 ಪೂರ್ತಿ ಬಣ್ಣದಲ್ಲಿ ಬರುತ್ತದಾ, ಎಷ್ಟು ಗಿಗಾಬಿಟ್, ಅಂತಲೇ ಕೇಳಿ.

ಬರೀ ಮಗನ ಗೇಮಿಗಾಗಿ ಆದರೆ ಈಗಲೇ ಕಾರ್ಡ್ ಬದಲಿಸಿ ಅಂತ ನಾನು ಹೇಳುವುದಿಲ್ಲ. ಮದುವೆ ಸೀಸನ್ ಮುಗಿಯುವ ತನಕ 60ರಲ್ಲಿ ಕೆಲಸ ನಡೆಸಿ. ತಂದ ಕೇಬಲ್ ಮಾತ್ರ ಯಾರಿಗೂ ಕೊಟ್ಟುಬಿಡಬೇಡಿ. ಅದರ ಡಬ್ಬಿ ಮೇಲೆ ಅಲ್ಟ್ರಾ ಹೈ ಸ್ಪೀಡ್ ಲೇಬಲ್ ಮತ್ತು ಕ್ಯೂಆರ್ ಕೋಡ್ ಇದೆಯಾ ನೋಡಿ, ಎಚ್‌ಡಿಎಂಐ ಕೇಬಲ್ ಪರಿಶೀಲಿಸುವ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ. ಅಸಲಿಯಾದರೆ ಅದು 48 ಗಿಗಾಬಿಟ್‌ಗೆ ಪರೀಕ್ಷೆಯಾದ ಕೇಬಲ್. ಅಡಾಪ್ಟರ್ ತಂದರೂ ಹೊಸ ಕಾರ್ಡ್ ಹಾಕಿದರೂ ಅದೇ ಕೇಬಲ್ ಬೇಕಾಗುತ್ತದೆ.